ತಿಂದ ಖಾರ ಮರುದಿನ ಬೆಳಿಗ್ಗೆ ಏಕೆ ಉರಿಯುತ್ತದೆ?

ಪ್ರಶ್ನೆ: ಡಾಕ್ಟ್ರೇ, ನನಗೆ 29 ವರ್ಷ. ಊರು ಹಾವೇರಿ ಹತ್ತಿರ, ಕೆಲಸ ಬೆಂಗಳೂರಿನಲ್ಲಿ. ಶನಿವಾರ ರಾತ್ರಿ ಒಂಬತ್ತಕ್ಕೆ ಗೆಳೆಯರ ಜೊತೆ ಆಂಧ್ರ ಊಟಕ್ಕೆ ಹೋಗಿದ್ದೆ. ಅನ್ನಕ್ಕೆ ಖಾರದಪುಡಿ-ತುಪ್ಪ, ಆಮೇಲೆ ಗುಂಟೂರು ಚಿಕನ್, ಎರಡು ಬಿಯರ್. ಭಾನುವಾರ ಬೆಳಿಗ್ಗೆ ಏಳಕ್ಕೆ ನೀರುನೀರಾಗಿ ಹೋಯಿತು, ಕೆಂಡ ಇಟ್ಟ ಹಾಗೆ ಉರಿ, ಮುಕ್ಕಾಲು ಗಂಟೆ ಕೂರಲಾಗಲಿಲ್ಲ. ಒಂಬತ್ತಕ್ಕೆ ಇನ್ನೊಂದು ಸಲ. ಬಿಸಿನೀರಲ್ಲಿ ತೊಳೆದರೆ ಇನ್ನೂ ಜಾಸ್ತಿ ಆಯ್ತು. ಸೋಮವಾರ ಗಟ್ಟಿಯಾಗಿ ಹೋದಾಗಲೂ ಸ್ವಲ್ಪ ಉರಿ ಇತ್ತು. ರಕ್ತ ಇಲ್ಲ. ದಿನಾ ಬ್ಯಾಡಗಿ ಮೆಣಸಿನಕಾಯಿ ತಿಂದು ಬೆಳೆದವನಿಗೆ ಹೀಗೇಕೆ? ಒಳಗೆಲ್ಲ ಸುಟ್ಟಿದೆಯಾ? ಇದು ಮೂಲವ್ಯಾಧಿ ಶುರುವಾಗಿರೋದಾ?

ಉತ್ತರ: ಒಳಗೆ ಏನೂ ಸುಟ್ಟಿಲ್ಲ. ನೀವು ಬರೆದಿರುವ ಲಕ್ಷಣಗಳು ಮೂಲವ್ಯಾಧಿಯವೂ ಅಲ್ಲ. ಆದರೆ ಉರಿ ನಿಜ, ಅದು ನಿಮ್ಮ ಭ್ರಮೆಯಲ್ಲ. ಸುಡದೆ ಉರಿಯುವುದು ಹೇಗೆ ಎಂದು ತಿಳಿದರೆ ಬಿಸಿನೀರು ಏಕೆ ಕೈಕೊಟ್ಟಿತು, ಸೋಮವಾರವೂ ಏಕೆ ಉರಿಯಿತು ಎಂಬುದಕ್ಕೂ ಉತ್ತರ ಸಿಗುತ್ತದೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಬೆಂಕಿ ತಾಗಿದರೂ ಉರಿ ಅನ್ನುತ್ತೇವೆ, ಮೆಣಸಿನಕಾಯಿ ತಾಗಿದರೂ ಉರಿ ಅನ್ನುತ್ತೇವೆ. ಈ ವಿಷಯದಲ್ಲಿ ನಮ್ಮ ಭಾಷೆ ಶರೀರಶಾಸ್ತ್ರಕ್ಕೆ ಬಹಳ ಹತ್ತಿರ ಇದೆ. ಎರಡನ್ನೂ ಮಿದುಳಿಗೆ ತಿಳಿಸುವುದು ಒಂದೇ ನರ, ಆ ನರದ ತುದಿಯಲ್ಲಿರುವ ಒಂದೇ ಬಾಗಿಲು. ಟಿಆರ್‌ಪಿವಿ1 ಎಂಬ ಹೆಸರಿನ ಈ ಬಾಗಿಲು ಒಂದು ಪ್ರೋಟೀನು. ಇದನ್ನು 1997ರಲ್ಲಿ ಅಮೆರಿಕದ ಡೇವಿಡ್ ಜೂಲಿಯಸ್ ಮತ್ತು ಅವರ ತಂಡ ಗುರುತಿಸಿತು. ಅವರು ಹುಡುಕುತ್ತಿದ್ದದ್ದು ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ನರಕ್ಕೆ ಎಲ್ಲಿ ಅಂಟಿಕೊಳ್ಳುತ್ತದೆ ಎಂಬುದನ್ನು. ಸಿಕ್ಕಿದ್ದು ದೇಹದ ಉಷ್ಣಮಾಪಕ. 2021ರಲ್ಲಿ ಜೂಲಿಯಸ್ ಅವರಿಗೆ ನೊಬೆಲ್ ಬಂದಾಗ ಅದರ ಹಿಂದೆ ಈ ಕೆಲಸವೇ ಇತ್ತು.

ಈ ಬಾಗಿಲು ಸಾಮಾನ್ಯವಾಗಿ ತೆರೆಯುವುದು ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದಾಗ, ಅಂದರೆ ಚರ್ಮಕ್ಕೆ ಅಪಾಯ ಶುರುವಾಗುವ ಬಿಸಿಗೆ. ಅದು ತೆರೆದರೆ ನರದೊಳಗೆ ಕ್ಯಾಲ್ಸಿಯಂ ಮತ್ತು ಸೋಡಿಯಂ ನುಗ್ಗುತ್ತವೆ, ನರ ಮಿದುಳಿಗೆ ‘ಸುಡುತ್ತಿದೆ’ ಎಂದು ಸುದ್ದಿ ಕಳಿಸುತ್ತದೆ. ಕ್ಯಾಪ್ಸೈಸಿನ್ ಬಂದು ಕೂತರೆ ಆ ಬಾಗಿಲಿಗೆ ಇಷ್ಟು ಬಿಸಿ ಬೇಕಾಗುವುದಿಲ್ಲ. ನಮ್ಮ ಮೈಯ ಸಹಜ 37 ಡಿಗ್ರಿಯೇ ಸಾಕಾಗುತ್ತದೆ. ಅಂದರೆ ಖಾರ ತಾಗಿದ ಜಾಗಕ್ಕೆ ನಿಮ್ಮ ದೇಹದ ಬಿಸಿಯೇ ಬೆಂಕಿಯಂತೆ ಕಾಣುತ್ತದೆ. ಕೆಂಡ ಇಟ್ಟ ಹಾಗೆ ಅಂತ ನೀವು ಬರೆದದ್ದು ಉಪಮೆಯಲ್ಲ. ನರ ಮಿದುಳಿಗೆ ಕೊಟ್ಟ ವರದಿ ಅಕ್ಷರಶಃ ಅದೇ.

ಬಿಸಿನೀರಿನ ಒಗಟೂ ಇಲ್ಲೇ ಬಿಡಿಸಿಕೊಳ್ಳುತ್ತದೆ. ಆಗಲೇ ಅರೆ ತೆರೆದಿರುವ ಬಾಗಿಲಿನ ಮೇಲೆ 40 ಡಿಗ್ರಿ ನೀರು ಸುರಿದರೆ ಅದು ಪೂರ್ತಿ ತೆರೆಯುತ್ತದೆ. ಬೇರೆ ದಿನ ಹಿತವಾಗಿರುವ ಅದೇ ನೀರು ಅಂದು ಕುದಿಯುವ ನೀರಿನಂತೆ ಅನ್ನಿಸುತ್ತದೆ.

ಇನ್ನು ನಿಮ್ಮ ಶನಿವಾರದ ತಟ್ಟೆಗೆ ಬರೋಣ. ಬ್ಯಾಡಗಿ ತಿಂದು ಬೆಳೆದವನಿಗೆ ಹೀಗೇಕೆ ಎಂದು ಕೇಳಿದ್ದೀರಿ. ಬ್ಯಾಡಗಿ ತಿಂದು ಬೆಳೆದದ್ದರಿಂದಲೇ ಹೀಗಾಯಿತು ಎನ್ನುವುದು ನನ್ನ ಉತ್ತರ. ನಿಮ್ಮೂರ ಬ್ಯಾಡಗಿಯ ಹೆಸರಿರುವುದು ಬಣ್ಣಕ್ಕೆ. ಸುಕ್ಕುಸುಕ್ಕಾದ ಆ ಉದ್ದ ಕಾಯಿ ಸಾರಿಗೆ, ಪಲ್ಯಕ್ಕೆ ಕೊಡುವ ಕೆಂಪಿಗೆ ಹೋಲಿಸಿದರೆ ಅದು ಕೊಡುವ ಖಾರ ಕಡಿಮೆ. ಮನೆಯಲ್ಲಿ ಕೈತುಂಬ ಹಾಕಿದರೂ ಊಟ ತಡೆದುಕೊಳ್ಳುವಂತಿರುವುದು ಅದಕ್ಕೇ. ಗುಂಟೂರಿನ ಕಾಯಿ ನಯವಾದ ಮೈಯದು, ಬಣ್ಣ ಅಷ್ಟಕ್ಕಷ್ಟೆ, ಖಾರ ಅದರ ಹಲವು ಪಟ್ಟು. ಕಣ್ಣಿಗೆ ಎರಡೂ ತಟ್ಟೆ ಒಂದೇ ಕೆಂಪಾಗಿ ಕಂಡರೂ ಒಳಗಿರುವ ಕ್ಯಾಪ್ಸೈಸಿನ್ ಒಂದೇ ಅಲ್ಲ. ನಿಮ್ಮ ನರಗಳು ಒಂದು ಪ್ರಮಾಣಕ್ಕೆ ಹೊಂದಿಕೊಂಡಿದ್ದವು, ಆ ರಾತ್ರಿ ಅದಕ್ಕಿಂತ ಎಷ್ಟೋ ಹೆಚ್ಚು ಬಿತ್ತು.

ಇನ್ನೊಂದು ಮಾತು, ಏಕೆಂದರೆ ಬಹಳ ಜನ ಇದನ್ನು ತಪ್ಪು ತಿಳಿದಿದ್ದಾರೆ. ಖಾರ ಇರುವುದು ಬೀಜದಲ್ಲಲ್ಲ. ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ತಿರುಳಿನಲ್ಲಿ ಅದು ತಯಾರಾಗುತ್ತದೆ. ಬೀಜಕ್ಕೆ ತಾಗಿರುವುದು ಅಲ್ಲಿಂದ ಸವರಿಕೊಂಡ ಖಾರ. ಬೀಜ ಕೊಡವಿ ತಿರುಳು ಬಿಟ್ಟರೆ ಹೆಚ್ಚೇನೂ ಕಳೆಯುವುದಿಲ್ಲ.

ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆ-ತುಪ್ಪದಲ್ಲಿ ಚೆನ್ನಾಗಿ ಕರಗುತ್ತದೆ. ಬಾಯಿ ಉರಿಯುವಾಗ ನೀರು ಕುಡಿದರೆ ಪ್ರಯೋಜನವಾಗದೆ, ಹಾಲು-ಮೊಸರು ಕೆಲಸ ಮಾಡುವುದು ಈ ಕಾರಣಕ್ಕೆ. ಹಾಲಿನ ಕೊಬ್ಬು ಮತ್ತು ಕೇಸೀನ್ ಎಂಬ ಪ್ರೋಟೀನು ಸೇರಿ ನಾಲಿಗೆಯ ಮೇಲಿನ ಖಾರವನ್ನು ಎಳೆದುಕೊಳ್ಳುತ್ತವೆ. ಆದರೆ ಆ ಮೊಸರು ಬೆಳಗಿನ ಉರಿಯನ್ನೂ ತಪ್ಪಿಸುತ್ತದೆ ಎಂದುಕೊಳ್ಳಬೇಡಿ. ಕೇಸೀನ್ ಸಣ್ಣ ಕರುಳಿನಲ್ಲಿ ಜೀರ್ಣವಾಗಿಬಿಡುತ್ತದೆ, ಕೊಬ್ಬೂ ಹಾಗೆಯೇ. ದೊಡ್ಡ ಕರುಳಿನ ಕೊನೆಯವರೆಗೆ ಖಾರವನ್ನು ಹಿಡಿದುಕೊಂಡು ಹೋಗುವ ಶಕ್ತಿ ಅವಕ್ಕಿಲ್ಲ.

ನುಂಗಿದ ಖಾರ ಜಠರಕ್ಕೆ ಇಳಿದಾಗ ಅಲ್ಲಿಯೂ ಇದೇ ಬಾಗಿಲುಗಳು ಇವೆ. ಅನ್ನನಾಳದಿಂದ ಗುದದವರೆಗೆ ಜೀರ್ಣಾಂಗದ ಉದ್ದಕ್ಕೂ ಇವೆ. ಹಾಗಾದರೆ ಜಠರ ಸುಟ್ಟುಹೋಗುತ್ತದೆಯೇ? ಇದನ್ನು ಕಣ್ಣಾರೆ ನೋಡಿದವರಿದ್ದಾರೆ. 1988ರಲ್ಲಿ ಅಮೆರಿಕದ ಹ್ಯೂಸ್ಟನ್ನಿನಲ್ಲಿ ವೈದ್ಯರು ಆರೋಗ್ಯವಂತ ಸ್ವಯಂಸೇವಕರಿಗೆ ಖಾರದ ಊಟ ಕೊಟ್ಟು ಎಂಡೋಸ್ಕೋಪಿ ಮಾಡಿದರು. ಮುಂದಿನ ಹಂತದಲ್ಲಿ ಅರೆದ ಹಲಪೆನ್ಯೊ ಮೆಣಸಿನಕಾಯಿಯನ್ನು 30 ಗ್ರಾಂ ನೇರವಾಗಿ ಜಠರಕ್ಕೇ ಹಾಕಿ ನೋಡಿದರು. ಒಳಪೊರೆಯಲ್ಲಿ ಕಣ್ಣಿಗೆ ಕಾಣುವ ಗಾಯ ಸಿಗಲಿಲ್ಲ. ಅದೇ ಅಧ್ಯಯನದಲ್ಲಿ ಆಸ್ಪಿರಿನ್ ನುಂಗಿದವರ ಜಠರದಲ್ಲಿ ಗಾಯ ಕಾಣಿಸಿತ್ತು. ಖಾರದಿಂದ ಹೊಟ್ಟೆ ಸುಟ್ಟಿತೆಂದು ಹೆದರಿ ಕೂತು, ತಲೆನೋವಿಗೆಂದು ಖಾಲಿ ಹೊಟ್ಟೆಯಲ್ಲಿ ನೋವಿನ ಮಾತ್ರೆ ನುಂಗುವವರಿಗೆ ನಾನು ಈ ಪ್ರಯೋಗದ ಬಗ್ಗೆ ತಪ್ಪದೆ ಹೇಳುತ್ತೇನೆ.

ಜಠರ ಮತ್ತು ಸಣ್ಣ ಕರುಳಿನ ಮೊದಲ ಭಾಗದಲ್ಲಿ ಕ್ಯಾಪ್ಸೈಸಿನ್‌ನ ಹೆಚ್ಚಿನ ಪಾಲು ರಕ್ತಕ್ಕೆ ಸೇರಿಹೋಗುತ್ತದೆ. ಇಲಿಗಳ ಮೇಲೆ ನಡೆದ ಪ್ರಯೋಗದಲ್ಲಿ 3 ಗಂಟೆಯೊಳಗೆ ಸುಮಾರು 85 ಶೇಕಡಾ ಹೀರಲ್ಪಟ್ಟಿತ್ತು. ರಕ್ತಕ್ಕೆ ಸೇರಿದ್ದನ್ನು ಯಕೃತ್ತು ಬೇಗ ಒಡೆದು ನಿಷ್ಕ್ರಿಯ ಮಾಡುತ್ತದೆ. ದಿನನಿತ್ಯದ ಖಾರದ ಊಟದಲ್ಲಿ ಮರುದಿನ ಏನೂ ಅನ್ನಿಸದೆ ಹೋಗುವುದು ಈ ಕಾರಣಕ್ಕೆ. ಕೆಳಗಿನವರೆಗೆ ಬರುವಷ್ಟು ಖಾರ ಉಳಿದೇ ಇರುವುದಿಲ್ಲ.

ಉಳಿಯುವುದು ಮೂರು ಸಂದರ್ಭಗಳಲ್ಲಿ. ತಿಂದದ್ದೇ ಅತಿಯಾದರೆ ಹೀರಿ ಉಳಿದ ಪಾಲೂ ದೊಡ್ಡದಾಗಿರುತ್ತದೆ. ತರಿತರಿ ಪುಡಿಯಲ್ಲಿ, ಒಗ್ಗರಣೆಯ ಮೆಣಸಿನಕಾಯಿಯಲ್ಲಿ ಸಿಪ್ಪೆ ಜೀರ್ಣವಾಗುವುದಿಲ್ಲ, ಅದು ತನ್ನೊಳಗಿನ ಖಾರವನ್ನು ಹೊತ್ತುಕೊಂಡೇ ಕೆಳಗೆ ಇಳಿಯುತ್ತದೆ. ಮಲದಲ್ಲಿ ಕೆಂಪು ಚೂರು ಕಂಡು ರಕ್ತವೆಂದು ಗಾಬರಿಯಾಗಿ ಬಂದವರನ್ನು ನಾನು ಎಷ್ಟೋ ಬಾರಿ ನೋಡಿದ್ದೇನೆ. ಮೂರನೆಯದು ನಿಮ್ಮ ಭಾನುವಾರಕ್ಕೆ ನೇರವಾಗಿ ಸಂಬಂಧಿಸಿದ್ದು. ಅದೇ ವೇಗ.

ಸಾಮಾನ್ಯ ದಿನಗಳಲ್ಲಿ ರಾತ್ರಿ ತಿಂದದ್ದು ಮರುದಿನ ಬೆಳಿಗ್ಗೆ ಹೊರಬರುವುದಿಲ್ಲ. ಜಠರ ಖಾಲಿಯಾಗಲು ನಾಲ್ಕೈದು ಗಂಟೆ ಬೇಕು, ಸಣ್ಣ ಕರುಳು ದಾಟಲು ಹೆಚ್ಚುಕಡಿಮೆ ಅಷ್ಟೇ, ದೊಡ್ಡ ಕರುಳಿನಲ್ಲಿ ಒಂದು ದಿನಕ್ಕೂ ಹೆಚ್ಚು. ಶನಿವಾರ ರಾತ್ರಿಯ ಊಟ ಸೋಮವಾರ ಬೆಳಿಗ್ಗೆ ಬಂದರೆ ಅದು ಸರಿಯಾದ ಲೆಕ್ಕ. ನಿಮಗೆ 10 ಗಂಟೆಯಲ್ಲೇ ಬಂತು. ಕರುಳಿನ ನರತುದಿಗಳಿಗೆ ಹೆಚ್ಚು ಕ್ಯಾಪ್ಸೈಸಿನ್ ತಾಗಿದಾಗ ಅವು ಮಿದುಳಿಗೆ ಸುದ್ದಿ ಕಳಿಸಿ ಸುಮ್ಮನಿರುವುದಿಲ್ಲ. ಅಲ್ಲೇ ಸುತ್ತಮುತ್ತ ಸಬ್‌ಸ್ಟೆನ್ಸ್ ಪಿ ಮುಂತಾದ ರಾಸಾಯನಿಕಗಳನ್ನು ಬಿಡುತ್ತವೆ. ಆಗ ಕರುಳಿನ ಸ್ನಾಯು ಹಿಂಡತೊಡಗುತ್ತದೆ, ಒಳಪೊರೆ ನೀರು ಬಿಡುತ್ತದೆ. ಬಂದ ಹೊರೆಯನ್ನು ಆದಷ್ಟು ಬೇಗ ಹೊರಗೆ ಸಾಗಿಸಿಬಿಡುವ ಧಾವಂತ ಅದು. ಜೊತೆಗೆ ನಿಮ್ಮ ಎರಡು ಬಿಯರ್. ಮದ್ಯವೂ ಕರುಳನ್ನು ಅವಸರಪಡಿಸುತ್ತದೆ. ಹೀಗಾಗಿ ದೊಡ್ಡ ಕರುಳಿನಲ್ಲಿ ಮೊದಲೇ ಇದ್ದದ್ದು, ಮೇಲಿನಿಂದ ಓಡಿಬಂದದ್ದು ಎಲ್ಲ ಸೇರಿ ಏಳು ಗಂಟೆಗೆ ನೀರಾಗಿ ಬಂತು. ಹೀರಿಕೊಳ್ಳಲು ಸಮಯ ಸಿಗದ ಖಾರ ಅದರಲ್ಲಿತ್ತು.

ಅದರ ಜೊತೆಯಲ್ಲಿ ಇನ್ನೊಂದೂ ಇತ್ತು, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಪಿತ್ತ. ಜಿಡ್ಡು ಜೀರ್ಣವಾಗಲೆಂದು ಬಿಡುಗಡೆಯಾದ ಪಿತ್ತದ ಆಮ್ಲಗಳನ್ನು ಸಣ್ಣ ಕರುಳಿನ ಕೊನೆಯ ಭಾಗ ಮತ್ತೆ ಹೀರಿಕೊಂಡು ಯಕೃತ್ತಿಗೆ ವಾಪಸು ಕಳಿಸುತ್ತದೆ. ಎಲ್ಲವೂ ಓಡುತ್ತಿರುವಾಗ ಆ ಕೆಲಸ ಪೂರ್ತಿಯಾಗುವುದಿಲ್ಲ. ಉಳಿದ ಪಿತ್ತ ಭೇದಿಯೊಂದಿಗೆ ಬಂದು ಗುದದ ಚರ್ಮವನ್ನು ತಾನೂ ಕೆರಳಿಸುತ್ತದೆ. ಖಾರ ಮುಟ್ಟದವರಿಗೂ ಭೇದಿಯಾದಾಗ ಉರಿಯುವುದಿಲ್ಲವೇ, ಅದರಲ್ಲಿ ಪಿತ್ತದ ಪಾತ್ರ ದೊಡ್ಡದು. ನಿಮ್ಮ ಭಾನುವಾರದ ಉರಿ ಹಾಗಾಗಿ ಖಾರ ಮತ್ತು ಪಿತ್ತ ಎರಡೂ ಸೇರಿ ಆದದ್ದು. ಸೋಮವಾರ ಗಟ್ಟಿಯಾಗಿ ಬಂದದ್ದರಲ್ಲಿ ಶನಿವಾರದ ಊಟದ ಉಳಿದ ಪಾಲು, ಸಿಪ್ಪೆಯಲ್ಲಿ ಸಿಕ್ಕಿಕೊಂಡ ಖಾರ ಇತ್ತು. ಹಿಂದಿನ ದಿನ ಕೆರಳಿದ್ದ ಚರ್ಮಕ್ಕೆ ಅಷ್ಟೇ ಸಾಕಾಯಿತು.

ಇಲ್ಲಿ ಸಹಜವಾಗಿ ಒಂದು ಪ್ರಶ್ನೆ ಏಳಬೇಕು. ಬಾಗಿಲುಗಳು ಉದ್ದಕ್ಕೂ ಇದ್ದರೆ ಉರಿ ಬಾಯಲ್ಲಿ ಮತ್ತು ಕೊನೆಯಲ್ಲಿ ಮಾತ್ರ ಇಷ್ಟು ಜೋರಾಗಿ ಏಕೆ? ನಡುವಿನ ಏಳೆಂಟು ಮೀಟರ್ ಏಕೆ ಹೀಗೆ ಕೂಗುವುದಿಲ್ಲ? ವೈದ್ಯಕೀಯ ಓದುವಾಗ ನನ್ನನ್ನು ಬಹಳ ಸೆಳೆದ ವಿಷಯ ಇದು.

ಗುದನಾಳ ಎಂದರೆ ಮೂರ್ನಾಲ್ಕು ಸೆಂಟಿಮೀಟರಿನ ಒಂದು ಪುಟ್ಟ ಕೊಳವೆ. ಅದರ ಸುಮಾರು ಮಧ್ಯದಲ್ಲಿ, ಒಳಗೋಡೆಯ ಸುತ್ತ, ಹಲ್ಲುಹಲ್ಲಾದ ಒಂದು ಗೆರೆ ಇದೆ. ವೈದ್ಯರು ಅದನ್ನು ಡೆಂಟೇಟ್ ಗೆರೆ ಎನ್ನುತ್ತಾರೆ. ತಾಯಿಯ ಗರ್ಭದಲ್ಲಿ ಮಗು ಬೆಳೆಯುವಾಗ ಗೆರೆಯ ಮೇಲಿನ ಭಾಗ ಕರುಳಿನಿಂದ ಬಂದದ್ದು, ಕೆಳಗಿನದು ಹೊರಚರ್ಮ ಒಳಕ್ಕೆ ಬಾಗಿ ಬಂದದ್ದು. ಗರ್ಭದಲ್ಲಿ ಈ ಎರಡು ಸೇರಿದ ಜಾಗವೇ ಆ ಗೆರೆ. ಮೇಲಿನ ಭಾಗದ ನರಗಳು ಕರುಳಿನ ನರಗಳು. ಅವು ಹಿಗ್ಗಿದೆ, ತುಂಬಿದೆ, ಹಿಂಡುತ್ತಿದೆ ಎಂದು ಮಂದವಾಗಿ, ಜಾಗ ತೋರಿಸದೆ ಹೇಳುತ್ತವೆ. ಖಾರ ತಾಗಿದಾಗ ಹೊಟ್ಟೆಯಲ್ಲಿ ತಳಮಳ, ನುಲಿತ, ಎದೆಯ ಕೆಳಗೆ ಒಂದು ಬಿಸಿ ಅನ್ನಿಸುವುದು ಅವುಗಳ ಭಾಷೆ. ಕೆಳಗಿನ ಭಾಗಕ್ಕೆ ಬರುವುದು ಪ್ಯುಡೆಂಡಲ್ ಎಂಬ ನರದ ಕೊಂಬೆ. ನಿಮ್ಮ ಬೆರಳ ತುದಿಯ ಚರ್ಮಕ್ಕೆ ಇರುವಂಥದೇ ಚುರುಕು ನರ ಅದು. ಮುಳ್ಳು ಚುಚ್ಚಿದರೆ ಎಲ್ಲಿ ಎಂದು ಕರಾರುವಾಕ್ಕಾಗಿ ಹೇಳುತ್ತದೆ. ಬಾಯಿಯೂ ಹೀಗೆ ಹೊರಚರ್ಮ ಒಳಕ್ಕೆ ಬಾಗಿ ಆದದ್ದೇ. ಎರಡು ತುದಿಯಲ್ಲಿ ಚರ್ಮ, ನಡುವೆ ಕರುಳು. ಚರ್ಮ ಇರುವಲ್ಲಿ ಉರಿ ಉರಿಯಾಗಿಯೇ ತಿಳಿಯುತ್ತದೆ.

ಈ ಗೆರೆ ಎಷ್ಟು ನಿಜವೆಂದರೆ ನಮ್ಮ ದಿನನಿತ್ಯದ ಕೆಲಸ ಅದರ ಮೇಲೆಯೇ ನಿಂತಿದೆ. ಒಳಮೂಲವ್ಯಾಧಿಗೆ ರಬ್ಬರ್ ಬ್ಯಾಂಡ್ ಹಾಕುವಾಗ ಅರಿವಳಿಕೆ ಕೊಡುವುದಿಲ್ಲ. ಗೆರೆಯ ಮೇಲೆ ಹಾಕಿದರೆ ರೋಗಿಗೆ ಒತ್ತಿದಂತೆ ಅನ್ನಿಸುತ್ತದೆ ಅಷ್ಟೆ. ಕೈತಪ್ಪಿ ಒಂದು ಸೆಂಟಿಮೀಟರ್ ಕೆಳಗೆ ಬಿದ್ದರೆ ರೋಗಿ ಮೇಜಿನಿಂದ ಎದ್ದುಬಿಡುತ್ತಾರೆ, ಕೂಡಲೇ ಬ್ಯಾಂಡ್ ಕತ್ತರಿಸಬೇಕಾಗುತ್ತದೆ. ಅದೇ ಒಂದು ಸೆಂಟಿಮೀಟರ್ ದಾಟುವಾಗಲೇ ನಿಮ್ಮ ಭಾನುವಾರದ ಭೇದಿ ತಳಮಳದಿಂದ ಉರಿಯಾಗಿ ಬದಲಾಯಿತು.

ಗೆರೆಯ ಕೆಳಗಿನ ಚರ್ಮ ತೀರ ತೆಳು, ಕೂದಲಿಲ್ಲ, ಬೆವರಿನ ಗ್ರಂಥಿಯಿಲ್ಲ. ಮೆಣಸಿನಕಾಯಿ ಹೆಚ್ಚಿದ ಕೈಗೆ ಏನೂ ಆಗದೆ, ಅದೇ ಕೈ ಕಣ್ಣಿಗೆ ತಾಗಿದರೆ ಏನಾಗುತ್ತದೆ ಎಂದು ನಿಮಗೆ ಗೊತ್ತು. ಅಂಗೈಯ ದಪ್ಪ ಚರ್ಮ ದಾಟಿ ಖಾರ ನರಕ್ಕೆ ಮುಟ್ಟುವುದು ಕಷ್ಟ, ತೆಳು ಪೊರೆಯಲ್ಲಿ ಸುಲಭ. ಬಾಯಲ್ಲಾದರೂ ಜೊಲ್ಲು ಬಂದು ತೊಳೆದುಕೊಂಡು ಹೋಗುತ್ತದೆ. ಇಲ್ಲಿ ಅಂಥ ಅನುಕೂಲವಿಲ್ಲ, ಮಡಿಕೆಗಳ ನಡುವೆ ಖಾರ ಅಂಟಿಕೊಂಡೇ ಇರುತ್ತದೆ. ನಿಮಗೆ ಮುಕ್ಕಾಲು ಗಂಟೆ ಹಿಡಿದದ್ದು ಅದಕ್ಕೆ.

ಹಾಗಾದರೆ ಇಂಥ ಬೆಳಿಗ್ಗೆ ಏನು ಮಾಡಬೇಕು? ತಣ್ಣೀರು. ನಲ್ಲಿಯಲ್ಲಿ ಬರುವ ಸಹಜ ತಂಪಿನ ನೀರು ಸಾಕು, ಐಸ್ ನೇರವಾಗಿ ಇಡಬೇಡಿ. ಆದರೆ ನೀರಿಗಿಂತ ಮುಂಚೆ ಒಂದು ಕೆಲಸವಿದೆ. ಖಾರ ನೀರಿಗೆ ಬಿಡುವುದಿಲ್ಲವೆಂದು ಹೇಳಿದೆನಲ್ಲ. ಮೊದಲು ಮೇಲುಮೇಲೆ ತೊಳೆದುಕೊಂಡು, ಒಂದು ಹತ್ತಿಯ ಉಂಡೆಯನ್ನು ಕೊಬ್ಬರಿ ಎಣ್ಣೆಯಲ್ಲಿ ಅದ್ದಿ ಮೆತ್ತಗೆ ಒರೆಸಿ ಎಸೆಯಿರಿ. ಉಜ್ಜಬೇಡಿ. ಇನ್ನೊಂದು ಉಂಡೆಯಲ್ಲಿ ಮತ್ತೊಮ್ಮೆ. ಅಂಟಿದ ಖಾರ ಎಣ್ಣೆಗೆ ಕರಗಿ ಹತ್ತಿಗೆ ಬರುತ್ತದೆ. ಎಣ್ಣೆ ಹಚ್ಚಿ ಹಾಗೇ ಬಿಟ್ಟರೆ ಖಾರ ಹರಡುತ್ತದೆ, ಒರೆಸಿ ತೆಗೆಯುವುದು ಮುಖ್ಯ. ಆಮೇಲೆ ಟಬ್ಬಿನಲ್ಲಿ ತಣ್ಣೀರು ಹಾಕಿ 10 ನಿಮಿಷ ಕೂತು, ಮೆತ್ತನೆ ಬಟ್ಟೆಯಿಂದ ಒತ್ತಿ ಒಣಗಿಸಿ, ತೆಳುವಾಗಿ ವ್ಯಾಸಲಿನ್ ಅಥವಾ ಶುದ್ಧ ಕೊಬ್ಬರಿ ಎಣ್ಣೆ ಸವರಿ. ಎರಡನೆಯ ಸಲ ಭೇದಿಯಾಗುವ ಸೂಚನೆ ಇದ್ದರೆ ಈ ಲೇಪ ಚರ್ಮಕ್ಕೂ ಖಾರಕ್ಕೂ ನಡುವೆ ಒಂದು ತಡೆಯಾಗುತ್ತದೆ. ಅಡುಗೆಮನೆಯಲ್ಲಿ ಮೆಣಸಿನಕಾಯಿ ಹೆಚ್ಚಿದವರು ಕೈಗೆ ಎಣ್ಣೆ ತಿಕ್ಕಿಕೊಂಡು ಆಮೇಲೆ ತೊಳೆಯುತ್ತಾರಲ್ಲ, ಇದರ ತತ್ವ ಅದೇ.

ಸೋಪು, ಡೆಟ್ಟಾಲು, ನೋವಿನ ಬಾಮು, ಟೂತ್‌ಪೇಸ್ಟ್, ಐದು ಬಗೆಯ ಪುಡಿ ಬೆರೆಸಿದ ಲೇಪ ಯಾವುದೂ ಬೇಡ. ಕೆರಳಿದ ಚರ್ಮಕ್ಕೆ ಇವೆಲ್ಲ ಇನ್ನೊಂದು ಪೆಟ್ಟು. ಉರಿ ನಿಜವಾಗಿ ಇಳಿದ ಮೇಲೂ ಒಂದು ವಾರ ತುರಿಕೆ ಎಂದು ಬರುವವರಲ್ಲಿ ಬಹಳಷ್ಟು ಜನ ಅಂದು ಕೈಗೆ ಸಿಕ್ಕಿದ್ದನ್ನು ಹಚ್ಚಿಕೊಂಡವರೇ.

ನೀರಿನಂತೆ ಹೋದದ್ದು ಮೂರ್ನಾಲ್ಕು ಸಲ ದಾಟಿದರೆ ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಕರಗಿಸಿ ಕುಡಿಯಿರಿ. ಭೇದಿ ನಿಲ್ಲಿಸುವ ಮಾತ್ರೆಗೆ ಅವಸರ ಬೇಡ. ಒಳಗಿರುವ ಖಾರ ಹೊರಹೋದರೆ ಭೇದಿ ತಾನೇ ನಿಲ್ಲುತ್ತದೆ, ಒಳಗೇ ಕಟ್ಟಿ ಹಾಕಿದರೆ ಉರಿ ಮುಂದೂಡುತ್ತದೆ ಅಷ್ಟೆ. ಜ್ವರ ಅಥವಾ ರಕ್ತ ಇದ್ದರೆ ಆ ಮಾತ್ರೆ ನುಂಗಲೇಬಾರದು.

ಮೂಲವ್ಯಾಧಿಯ ಮಾತಿಗೆ ಬರುತ್ತೇನೆ. ಖಾರ ತಿಂದರೆ ಪೈಲ್ಸ್ ಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ಮೂಲವ್ಯಾಧಿ ಎಂದರೆ ಗುದನಾಳದೊಳಗಿನ ರಕ್ತನಾಳಗಳ ಮೆತ್ತೆ ಉಬ್ಬಿ ಜಾರುವುದು. ಮಲಬದ್ಧತೆ, ಮುಕ್ಕುವುದು, ಕಕ್ಕಸಿನಲ್ಲಿ ಗಂಟೆಗಟ್ಟಲೆ ಕೂರುವುದು, ಬಸಿರು ಇವು ಅದಕ್ಕೆ ದಾರಿ. ಇಟಲಿಯಲ್ಲಿ ಮೂಲವ್ಯಾಧಿ ಇದ್ದವರಿಗೆ ಒಂದು ಸಲ ಮೆಣಸಿನಕಾಯಿ ಪುಡಿಯ ಕ್ಯಾಪ್ಸೂಲು, ಇನ್ನೊಂದು ಸಲ ಖಾರವಿಲ್ಲದ ಕ್ಯಾಪ್ಸೂಲು ಕೊಟ್ಟು ನೋಡಿ 2006ರಲ್ಲಿ ಪ್ರಕಟಿಸಿದರು, ತೊಂದರೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಒಂದು ಕ್ಯಾಪ್ಸೂಲಿಗೂ ಗುಂಟೂರು ತಟ್ಟೆಗೂ ಅಂತರವಿದೆ. ಆದ್ದರಿಂದ ಇದನ್ನು ಹಿಡಿದುಕೊಂಡು ಮೂಲವ್ಯಾಧಿ ಇರುವವರು ಎಷ್ಟು ಬೇಕಾದರೂ ಖಾರ ತಿನ್ನಬಹುದು ಎಂದು ನಾನು ಹೇಳುವುದಿಲ್ಲ. ಖಾರ ಮೂಲವ್ಯಾಧಿಯನ್ನು ಹುಟ್ಟಿಸುವುದಿಲ್ಲ ಎಂದಷ್ಟೇ ಹೇಳುತ್ತೇನೆ.

ಫಿಶರ್ ಕತೆ ಬೇರೆ. ಅದು ಗೆರೆಯ ಕೆಳಗಿನ ಆ ತೆಳು ಚರ್ಮವೇ ಸೀಳಿದ ಗಾಯ, ಸಾಮಾನ್ಯವಾಗಿ ಹಿಂಭಾಗದ ಮಧ್ಯದಲ್ಲಿ. ಸೀಳಿದ ಮೇಲೆ ನರದ ತುದಿಗಳಿಗೆ ಚರ್ಮದ ರಕ್ಷಣೆಯೂ ಇಲ್ಲ. ನಾಗಪುರದಲ್ಲಿ ಹೊಸದಾಗಿ ಫಿಶರ್ ಆದವರಿಗೆ ಒಂದು ವಾರ ಮೆಣಸಿನಪುಡಿಯ ಕ್ಯಾಪ್ಸೂಲು, ಒಂದು ವಾರ ಖಾರವಿಲ್ಲದ್ದು ಕೊಟ್ಟು ನೋಡಿದಾಗ ಖಾರದ ವಾರದಲ್ಲಿ ನೋವು, ಉರಿ ಸ್ಪಷ್ಟವಾಗಿ ಹೆಚ್ಚಿತ್ತು. ಈ ಗಾಯ ಇರುವವರಿಗೆ ಖಾರ ಬಿಡಿ ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ನಿಮ್ಮದು ಫಿಶರ್ ಅಲ್ಲವೆಂದು ನಾನು ಹೇಗೆ ಊಹಿಸಿದೆ? ಖಾರದ ಉರಿ ಸುತ್ತಲೂ ಒಂದೇ ಸಮನೆ ಇರುತ್ತದೆ, ತೆಳ್ಳಗೆ ಹೋದಾಗ ಹೆಚ್ಚು, ಒಂದು ಗಂಟೆಯೊಳಗೆ ಇಳಿಯುತ್ತದೆ, ದಿನಕ್ಕಿಂತ ದಿನಕ್ಕೆ ಕಡಿಮೆಯಾಗಿ ಎರಡು-ಮೂರು ದಿನದಲ್ಲಿ ಮರೆತೇ ಹೋಗುತ್ತದೆ. ಫಿಶರ್ ನೋವು ಒಂದೇ ಜಾಗದಲ್ಲಿ, ಗಾಜಿನಿಂದ ಕೊಯ್ದ ಹಾಗೆ, ಗಟ್ಟಿಯಾಗಿ ಹೋದಾಗ ಹೆಚ್ಚು. ಹೋಗಿ ಬಂದ ಮೇಲೆ ಸ್ನಾಯು ಬಿಗಿದುಕೊಂಡು ಗಂಟೆಗಟ್ಟಲೆ ಸೆಳೆತ ಇರುತ್ತದೆ. ಮಲದ ಮೇಲೆ ಗೆರೆಯಂತೆ ಕೆಂಪು ರಕ್ತ ಕಾಣುವುದುಂಟು. ಖಾರ ತಿನ್ನದ ವಾರದಲ್ಲೂ ಬರುತ್ತದೆ. ಫಿಶರ್‌ನಲ್ಲಿ ಉಗುರುಬೆಚ್ಚಗಿನ ನೀರಿನಲ್ಲಿ ಕೂತರೆ ಬಿಗಿದ ಸ್ನಾಯು ಸಡಿಲಾಗಿ ಹಾಯೆನಿಸುತ್ತದೆ, ಖಾರದ ಉರಿಯಲ್ಲಿ ಅದೇ ನೀರು ಹೆಚ್ಚು ಮಾಡುತ್ತದೆ. ಬಿಸಿನೀರಿನ ಬಗ್ಗೆ ನೀವು ಬರೆದ ಆ ಒಂದು ಸಾಲು ನನಗೆ ಬಹಳ ಹೇಳಿತು.

ಖಾರ ಮುಟ್ಟದಿದ್ದರೂ ವಾರಗಟ್ಟಲೆ ಉರಿದರೆ, ಮಲದಲ್ಲಿ ರಕ್ತ ಬೆರೆತು ಬಂದರೆ ಅಥವಾ ಮಲ ಡಾಂಬರಿನಂತೆ ಕಪ್ಪಾದರೆ, ಭೇದಿ ನಿದ್ದೆಯಿಂದ ಎಬ್ಬಿಸಿದರೆ, ತೂಕ ಇಳಿದರೆ, ಗುದದ ಪಕ್ಕದಲ್ಲಿ ಗಂಟು ಕಟ್ಟಿ ಜ್ವರ ಬಂದರೆ ತಡಮಾಡದೆ ತೋರಿಸಬೇಕು. ರಾತ್ರಿ ಹೊತ್ತು ಮಾತ್ರ ವಿಪರೀತ ತುರಿಕೆ ಇದ್ದರೆ ಅದು ಖಾರವಲ್ಲ, ಹೆಚ್ಚಿನ ಸಲ ಕ್ರಿಮಿ. ಪಿತ್ತಕೋಶ ತೆಗೆಸಿಕೊಂಡವರಿಗೆ ಸಪ್ಪೆ ಊಟ ಮಾಡಿದರೂ ಹಳದಿ ತೆಳು ಭೇದಿ, ಉರಿ ಆಗುವುದುಂಟು. ಅದು ಪಿತ್ತದ ಆಮ್ಲದ ತೊಂದರೆ, ಅದಕ್ಕೆ ಬೇರೆ ಔಷಧಿ ಇದೆ.

ಕೊನೆಗೆ, ಮುಂದೆ ಗುಂಟೂರು ಊಟ ಮಾಡಲೇಬಾರದೇ ಎಂದು ನೀವು ಕೇಳದಿದ್ದರೂ ಕೇಳಿದಂತೆಯೇ. ಮಾಡಬಹುದು. ಟಿಆರ್‌ಪಿವಿ1 ಬಾಗಿಲಿಗೆ ಒಂದು ಗುಣವಿದೆ. ಮತ್ತೆಮತ್ತೆ ಕ್ಯಾಪ್ಸೈಸಿನ್ ತಾಗಿದರೆ ನರದೊಳಗೆ ನುಗ್ಗಿದ ಕ್ಯಾಲ್ಸಿಯಂ ಅದನ್ನೇ ಮಂದವಾಗಿಸುತ್ತದೆ. ಗುಂಟೂರಿನಲ್ಲಿ ಹುಟ್ಟಿ ಬೆಳೆದ ನಿಮ್ಮ ಗೆಳೆಯರು ಅದೇ ತಟ್ಟೆ ಉಂಡು ಭಾನುವಾರ ಬೆಳಿಗ್ಗೆ ಏನೂ ಆಗದೆ ಕ್ರಿಕೆಟ್ ಆಡಿದರೆ, ಅವರ ನರಗಳು ವರ್ಷಗಳಿಂದ ಹಾಗೆ ಮಂದವಾಗಿವೆ. ಈ ಗುಣವನ್ನೇ ಹಿಡಿದು ಔಷಧಿಯೂ ಮಾಡಿದ್ದಾರೆ. ಕಾರಣ ಸಿಗದ, ವರ್ಷಗಟ್ಟಲೆ ಕಾಡುವ ಗುದದ ತುರಿಕೆಗೆ 0.006 ಶೇಕಡಾ ಕ್ಯಾಪ್ಸೈಸಿನ್ ಇರುವ ಮುಲಾಮನ್ನು ಇಸ್ರೇಲಿನಲ್ಲಿ ಪ್ರಯೋಗಿಸಿ 2003ರಲ್ಲಿ ಪ್ರಕಟಿಸಿದಾಗ 44 ರೋಗಿಗಳಲ್ಲಿ 31 ಮಂದಿಗೆ ತುರಿಕೆ ತಗ್ಗಿತ್ತು. ಉರಿಸುವ ವಸ್ತುವೇ ಅಳತೆಯಲ್ಲಿ ಕೊಟ್ಟಾಗ ನರವನ್ನು ಸುಮ್ಮನಾಗಿಸಿತು. ಈ ಅಳತೆ ಪ್ರಯೋಗಾಲಯದಲ್ಲಿ ಮಾತ್ರ ಸಾಧ್ಯ, ಮನೆಯ ಮೆಣಸಿನಪುಡಿಯಿಂದ ದಯವಿಟ್ಟು ಯಾರೂ ಪ್ರಯತ್ನಿಸಬೇಡಿ.

ನಿಮಗೆ ನಾನು ಹೇಳುವುದು ಇಷ್ಟು. ಮುಂದಿನ ಸಲ ಖಾರದಪುಡಿಯ ತುತ್ತನ್ನು ಎರಡಕ್ಕೆ ನಿಲ್ಲಿಸಿ, ಅದಕ್ಕೆ ಪಪ್ಪನ್ನ ಹೆಚ್ಚು ಬೆರೆಸಿಕೊಳ್ಳಿ. ಗುಂಟೂರು ಚಿಕನ್ ಇದ್ದ ದಿನ ಖಾರದಪುಡಿ ಬಿಡಿ, ಬಿಯರ್ ಬಿಡಿ. ಒಗ್ಗರಣೆಯ ಮೆಣಸಿನಕಾಯಿಯನ್ನು ತಟ್ಟೆಯ ಪಕ್ಕಕ್ಕೆ ಇಡಿ, ಸಿಪ್ಪೆ ಸಮೇತ ಅಗಿಯಬೇಡಿ. ಎರಡು-ಮೂರು ವಾರಕ್ಕೊಮ್ಮೆ ಒಂದೇ ಸಲ ಭರ್ತಿ ಖಾರ ತಿಂದರೆ ನರ ಹೊಂದಿಕೊಳ್ಳುವುದಿಲ್ಲ, ನಡುವಿನ ದಿನಗಳಲ್ಲಿ ಅದು ಮತ್ತೆ ಚುರುಕಾಗಿಬಿಡುತ್ತದೆ. ಹೊಂದಿಸಿಕೊಳ್ಳಬೇಕೆಂದಿದ್ದರೆ ಮನೆಯ ಬ್ಯಾಡಗಿ ಪುಡಿಗೇ ಕಾಲುಭಾಗ ಗುಂಟೂರು ಬೆರೆಸಿ ದಿನವೂ ಸ್ವಲ್ಪ ಸ್ವಲ್ಪ ತಿನ್ನಿ. ಈ ಸೋಮವಾರದ ಉರಿ ಬುಧವಾರದೊಳಗೆ ಪೂರ್ತಿ ಹೋಗಿರಬೇಕು. ಮುಂದಿನ ಸೋಮವಾರವೂ ಇದ್ದರೆ ಹತ್ತಿರದ ಸರ್ಜನ್ನರಿಗೆ ಒಮ್ಮೆ ತೋರಿಸಿ, ಫಿಶರ್ ಇದೆಯೇ ಎಂದು ಎರಡು ನಿಮಿಷದಲ್ಲಿ ನೋಡಿ ಹೇಳುತ್ತಾರೆ.